ಮೀಟಪ್ ಹೆಸರಲ್ಲಿ 'ಬಿಗಿನರ್ಸ್' ಇರಬೇಕಾ?

ಪ್ರಶ್ನೆ: ನಾವು ಆರು ಜನ ಗೆಳೆಯರು ತಿಂಗಳಿಗೆ ಎರಡು ಶನಿವಾರ ಒಟ್ಟಿಗೆ ಕೂತು ಪೈಥಾನ್ ಪ್ರೋಗ್ರಾಂ ಬರೆಯುತ್ತಿದ್ದೆವು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಈಗ ಇಪ್ಪತ್ತೈದು ಜನ ಆಗಿದ್ದೇವೆ. ಒಂದು ಹೆಸರಿಡಬೇಕು. 'ಪೈಥಾನ್ ನಿಂಜಾಸ್', 'ಸೆಗ್‌ಫಾಲ್ಟ್ ಕ್ಲಬ್', 'ಪೈಥಾನ್ ಬಿಗಿನರ್ಸ್' ಅಂತ ಮೂರು ಹೆಸರು ಬಂದಿವೆ, ಒಮ್ಮತ ಆಗ್ತಿಲ್ಲ. ಗುಂಪು ದೊಡ್ಡದಾದ ಮೇಲೂ ಹೊಸಬರು ಹೆದರದೆ ಬರಬೇಕು ಅನ್ನೋದು ನಮ್ಮ ಆಸೆ. ಯಾವುದು ಇಡೋಣ ಮೇಡಂ?

ಉತ್ತರ: ಮೂರೂ ಬೇಡ ಅನ್ನುತ್ತೇನೆ. ಅದರಲ್ಲೂ ಮೂರನೆಯದು ಬೇಡವೇ ಬೇಡ. ನಿಮ್ಮ ಆಸೆಗೆ ಅದೇ ಹತ್ತಿರ ಇದೆಯಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲೆರಡನ್ನು ಬೇಗ ಮುಗಿಸೋಣ.

'ನಿಂಜಾ', 'ಗುರು', 'ರಾಕ್‌ಸ್ಟಾರ್' ಇವೆಲ್ಲ ಒಳಗೆ ಇರುವವರನ್ನು ಹೊಗಳುವ ಪದಗಳು. ಹೊರಗೆ ನಿಂತವರಿಗೆ ಅದೇ ಪದ ಬೇರೆ ಥರ ಕೇಳಿಸುತ್ತದೆ. 2011ರಲ್ಲಿ ಮೂವರು ಮನಃಶಾಸ್ತ್ರ ಸಂಶೋಧಕರು ಕೆಲಸದ ಜಾಹೀರಾತುಗಳ ಪದಗಳನ್ನು ಪರೀಕ್ಷಿಸಿದ್ದರು. ಪೈಪೋಟಿ, ಮೇಲುಗೈ ಇಂಥ ಗಂಡಸುತನದ ಛಾಯೆಯ ಪದಗಳು ಜಾಸ್ತಿ ಇದ್ದ ಜಾಹೀರಾತುಗಳು ಹೆಂಗಸರಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಾರಣ ಕೇಳಿ: 'ಈ ಕೆಲಸ ನನ್ನಿಂದ ಆಗಲ್ಲ' ಅಂತ ಅವರಿಗೆ ಅನ್ನಿಸಿರಲಿಲ್ಲ. 'ಅಲ್ಲಿ ನನ್ನಂಥವರಿಗೆ ಜಾಗ ಇರಲಿಕ್ಕಿಲ್ಲ' ಅಂತ ಅನ್ನಿಸಿತ್ತು. ಅದು ಕೆಲಸದ ಜಾಹೀರಾತಿನ ಅಧ್ಯಯನ, ಮೀಟಪ್‌ನದ್ದಲ್ಲ. ಆದರೂ ಹೊಸಬರ ಜೊತೆ ಇಷ್ಟು ವರ್ಷ ಮಾತಾಡಿದ ಮೇಲೆ ನಾನು ಕಂಡದ್ದೂ ಅದೇ. ಬರದೇ ಉಳಿದವರು ತಮಗೆ ಕಲಿಯೋಕೆ ಆಗಲ್ಲ ಅಂದುಕೊಂಡಿರುವುದಿಲ್ಲ. ಅಲ್ಲಿ ಬೇರೆ ಥರದವರು ಇರ್ತಾರೆ ಅಂದುಕೊಂಡಿರುತ್ತಾರೆ.

'ಸೆಗ್‌ಫಾಲ್ಟ್ ಕ್ಲಬ್' ಕೇಳೋಕೆ ಚೆನ್ನಾಗಿದೆ, ಒಪ್ಪುತ್ತೇನೆ. ಪ್ರೋಗ್ರಾಂ ತನಗೆ ಸೇರದ ಮೆಮೊರಿಯನ್ನು ಮುಟ್ಟಲು ಹೋದಾಗ ಆಪರೇಟಿಂಗ್ ಸಿಸ್ಟಂ ಅದನ್ನು ನಿಲ್ಲಿಸಿಬಿಡುತ್ತದೆ, ಆ ದೋಷದ ಹೆಸರು ಸೆಗ್‌ಫಾಲ್ಟ್. ಸಿ ಭಾಷೆಯಲ್ಲಿ ಬರೆಯುವವರಿಗೆ ಅದು ದಿನದ ಗೋಳು. ಆದರೆ ಪೈಥಾನ್ ಕಲಿಯುವವರು ವರ್ಷಗಟ್ಟಲೆ ಅದನ್ನು ನೋಡದೇ ಇರಬಹುದು. ಅಂದರೆ ನಿಮ್ಮ ಗುಂಪಿಗೆ ಬರುವ ಹೊಸಬರು ಹೆಸರಿನ ಅರ್ಥವನ್ನೇ ಕೇಳಬೇಕಾಗುತ್ತದೆ. ಮೊದಲ ದಿನದ ಮೊದಲ ಮಾತೇ 'ನನಗೆ ಗೊತ್ತಿಲ್ಲ' ಅಂತಾಗುತ್ತದೆ. ತಾಂತ್ರಿಕ ತಮಾಷೆ ಇರುವ ಹೆಸರೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪೈಥಾನ್ ಶುರು ಮಾಡಿದ ಮೊದಲ ಗಂಟೆಯಲ್ಲೇ ಎಲ್ಲರಿಗೂ ಎದುರಾಗುವ ಸಾಲು ಒಂದಿದೆ:

```
IndentationError: unexpected indent
```

ಸಾಲಿನ ಮೊದಲು ಒಂದು ಖಾಲಿ ಜಾಗ ಜಾಸ್ತಿ ಬಿಟ್ಟರೂ ಇದು ಬರುತ್ತದೆ. ಇದರ ಮೇಲಿನ ತಮಾಷೆ ಹೊಸಬರಿಗೂ ಅರ್ಥವಾಗುತ್ತದೆ, ಹತ್ತು ವರ್ಷ ಬರೆದವರಿಗೂ ಅರ್ಥವಾಗುತ್ತದೆ. ತಮಾಷೆ ಬೇಕೇ ಬೇಕು ಅಂದರೆ ಮೊದಲ ವಾರದ ಅನುಭವದಿಂದ ಎತ್ತಿಕೊಳ್ಳಿ.

ಈಗ 'ಬಿಗಿನರ್ಸ್'.

ನಾನು ನಡೆಸುತ್ತಿದ್ದ ಒಂದು ಗುಂಪಿನ ಹೆಸರಲ್ಲೇ ಆ ಪದ ಇತ್ತು. ಮೊದಲ ವರ್ಷ ಅದು ನಿಜಕ್ಕೂ ಕೆಲಸ ಮಾಡಿತು. ಕೋಣೆ ತುಂಬ ಹೊಸಬರೇ, ಯಾರಿಗೂ ಮುಜುಗರ ಇರಲಿಲ್ಲ. ತೊಂದರೆ ಶುರುವಾಗಿದ್ದು ಅವರು ಕಲಿತ ಮೇಲೆ. ಎಂಟು ತಿಂಗಳಿಂದ ಬರುತ್ತಿದ್ದ ಒಬ್ಬರು ಒಂದು ದಿನ ಕುರ್ಚಿ ಎತ್ತಿಡುವಾಗ ನನ್ನನ್ನು ಕೇಳಿದರು: "ಅಕ್ಕಾ, ನಾನಿನ್ನೂ ಬಿಗಿನರ್ರಾ? ಇನ್ನು ಬರಬಹುದಾ, ಬರಬಾರದಾ?" ಬರಬಾರದು ಅಂತ ಯಾರೂ ಹೇಳಿರಲಿಲ್ಲ. ಹೆಸರು ಹೇಳುತ್ತಿತ್ತು. ಕಲಿತ ತಕ್ಷಣ ನಿಮಗಿಲ್ಲಿ ಕೆಲಸ ಮುಗಿಯಿತು ಅನ್ನುವ ಮಾತು ಆ ಒಂದು ಪದದಲ್ಲಿತ್ತು.

ಅನುಭವ ಇದ್ದವರನ್ನು ಮಾತಾಡಲು ಕರೆದರೆ ಅವರಿಗೂ ಹಿಂಜರಿಕೆ. ಬಂದವರೂ ಮತ್ತೆ ಅದೇ ವೇರಿಯಬಲ್, ಅದೇ ಲೂಪ್ ಹೇಳಿಕೊಟ್ಟು ಹೋಗುತ್ತಿದ್ದರು. ಎರಡನೇ ವರ್ಷ ಕಲಿತ ಹನ್ನೆರಡು ಜನ ಸೇರಿ 'ಅಡ್ವಾನ್ಸ್ಡ್' ಅಂತ ಬೇರೆ ವಾಟ್ಸ್ಯಾಪ್ ಗ್ರೂಪ್ ಮಾಡಿಕೊಂಡರು. ಅದರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಮೊದಲ ಗ್ರೂಪಿಗೆ ಪದೇ ಪದೇ ತೊಂದರೆ ಕೊಡೋದು ಬೇಡ ಅಂತಲೇ ಮಾಡಿದ್ದು. ನಿಜವಾದ ಮಾತುಕತೆ ಎಲ್ಲ ಅಲ್ಲಿಗೆ ಹೋಯಿತು. ಒಂದು ಮಂಗಳವಾರ ಹೊಸಬರ ಗ್ರೂಪಿನಲ್ಲಿ ಒಬ್ಬ ಹುಡುಗ ಪೈಥಾನ್ ಇನ್‌ಸ್ಟಾಲ್ ಆಗುತ್ತಿಲ್ಲ ಅಂತ ಸ್ಕ್ರೀನ್‌ಶಾಟ್ ಹಾಕಿದ. ಗುರುವಾರದವರೆಗೆ ಒಂದೂ ಉತ್ತರ ಬರಲಿಲ್ಲ. ಆ ಎರಡು ದಿನ ಇನ್ನೊಂದು ಗ್ರೂಪಿನಲ್ಲಿ ಮೆಸೇಜುಗಳ ಸುರಿಮಳೆ. ಉತ್ತರ ಗೊತ್ತಿದ್ದವರೆಲ್ಲ ಅಲ್ಲಿದ್ದರು. ಆ ಹುಡುಗ ಮತ್ತೆ ಬರಲಿಲ್ಲ. ಅದು ಇವತ್ತಿಗೂ ನನಗೆ ಬೇಸರದ ವಿಷಯ.

ಇಲ್ಲಿ ನಡೆದದ್ದು ಸ್ಪಷ್ಟ. ಹೊಸಬರಿಗೆ ಬೇಕಾಗಿರುವುದು ಇತರ ಹೊಸಬರಷ್ಟೇ ಅಲ್ಲ, ನಿನ್ನೆ ಮೊನ್ನೆ ಕಲಿತವರು ಪಕ್ಕದಲ್ಲಿ ಕೂತಿರಬೇಕು. ಹೆಸರು ಮಟ್ಟವನ್ನು ಹೇಳಿದರೆ ಆ ಕಲಿತವರು ಒಬ್ಬೊಬ್ಬರಾಗಿ ಹೊರಗೆ ಹೋಗುತ್ತಾರೆ. ಗುಂಪು ಚಿಕ್ಕದಿರುವಾಗ ಇದು ಕಾಣುವುದಿಲ್ಲ, ಎಲ್ಲರೂ ಗೆಳೆಯರಾಗಿರುತ್ತಾರೆ. ಬೆಳೆದಾಗ ಕಾಣುತ್ತದೆ. ಹಾಗಾಗಿ ನನ್ನ ಸಲಹೆ ಒಂದೇ: ಬರುವವರು ಯಾವ ಮಟ್ಟದವರು ಅಂತ ಹೇಳುವ ಹೆಸರು ಬೇಡ. ಬಂದವರು ಅಲ್ಲಿ ಏನು ಮಾಡುತ್ತಾರೆ ಅಂತ ಹೇಳುವ ಹೆಸರಿಡಿ.

ಇದು ನಾನು ಹೊಸದಾಗಿ ಕಂಡುಹಿಡಿದದ್ದು ಏನಲ್ಲ. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಸುಮಾರು ಮೂವತ್ತು ಜನ ಸೇರಿದ್ದರು. ಕರೆದಿದ್ದು ಫ್ರೆಡ್ ಮೂರ್ ಮತ್ತು ಫ್ರೆಂಚ್. ಅವರ ಕರಪತ್ರದಲ್ಲಿ ಗುಂಪಿಗೆ ಎರಡು ಹೆಸರು ಒಟ್ಟಿಗೇ ಇದ್ದವು: 'ಅಮೆಚೂರ್ ಕಂಪ್ಯೂಟರ್ ಯೂಸರ್ಸ್ ಗ್ರೂಪ್' ಮತ್ತು 'ಹೋಂಬ್ರೂ ಕಂಪ್ಯೂಟರ್ ಕ್ಲಬ್'. ಮುಂದೆ ನೀವೇ ಹೆಸರಿಡಿ ಅಂತಲೂ ಬರೆದಿತ್ತು. ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅಮೆಚೂರ್ ಅನ್ನೋದು ವ್ಯಕ್ತಿಯ ಮಟ್ಟ. ಹೋಂಬ್ರೂ ಅಂದರೆ ಮನೆಯಲ್ಲೇ ಮಾಡಿಕೊಂಡದ್ದು, ಅದು ಮಾಡುವ ಕೆಲಸ. ಜನರ ಬಾಯಲ್ಲಿ ಉಳಿದದ್ದು ಎರಡನೆಯದು. ಕಂಪ್ಯೂಟರ್ ಮಾಡಿ ಗೆದ್ದವರೂ ಅಲ್ಲಿ ಹೋಂಬ್ರೂ ಜನ, ಬೆಸುಗೆ ಕಡ್ಡಿ ಮೊದಲ ಸಲ ಹಿಡಿದವರೂ ಹೋಂಬ್ರೂ ಜನ. ಗುಂಪು ಗ್ಯಾರೇಜಿನಿಂದ ನೂರಾರು ಜನರ ಸಭಾಂಗಣಕ್ಕೆ ಹೋದರೂ ಹೆಸರು ಚಿಕ್ಕದಾಗಲಿಲ್ಲ. ಮುಂದೆ ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಆ ಮೊದಲ ಸಭೆಗೆ ಬಂದಿದ್ದರು, ತಮ್ಮ ಕಂಪ್ಯೂಟರನ್ನು ಅಲ್ಲಿಯ ಜನರಿಗೇ ಮೊದಮೊದಲು ತೋರಿಸಿದ್ದು.

'ಹಾಗಾದರೆ ಹೆಂಗಸರಿಗೆ ಪ್ರೋಗ್ರಾಮಿಂಗ್ ಕಲಿಸುವ ಜಾಂಗೋ ಗರ್ಲ್ಸ್, ಪೈಥಾನ್ ಬರೆಯುವ ಹೆಂಗಸರ ಪೈಲೇಡೀಸ್ ಇವೆಯಲ್ಲ, ಅವು ಯಾರಿಗೆ ಅಂತ ಹೆಸರಲ್ಲೇ ಹೇಳುತ್ತವಲ್ಲ' ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಪೈಲೇಡೀಸ್ ಶುರುವಾಗಿದ್ದು 2011ರಲ್ಲಿ, ಜಾಂಗೋ ಗರ್ಲ್ಸ್ 2014ರಲ್ಲಿ. ಇವು ಹೊರಗೆ ಉಳಿದವರನ್ನು ಹೆಸರು ಹಿಡಿದು ಕರೆಯುತ್ತವೆ. ಆದರೆ ಗಮನಿಸಿ, ಕಲಿತ ಮೇಲೂ ಆ ಹೆಸರು ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಜಾಂಗೋ ಗರ್ಲ್ಸ್ ಕಾರ್ಯಾಗಾರ ಪೂರ್ತಿ ಹೊಸಬರಿಗಾಗಿಯೇ ಇರುವುದು. ಆದರೂ ಒಂದು ವರ್ಷ ಕಲಿಯಲು ಬಂದವರು ಮುಂದೆ ಕೋಚ್ ಆಗಿ ಅದೇ ಹೆಸರಿನಡಿ ಕೂರಬಹುದು. ಹೊಸಬರು ಅನ್ನುವ ಸ್ಥಿತಿ ತಿಂಗಳಲ್ಲಿ ಬದಲಾಗುತ್ತದೆ. ಹೆಸರು ಅಷ್ಟು ಬೇಗ ಬದಲಾಗುವ ಸ್ಥಿತಿಗೆ ಅಂಟಿಕೊಂಡರೆ ಮಾತ್ರ ಕಷ್ಟ.

ಹೆಸರಿನ ಕೊನೆಯ ಪದದ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಅದು ತುಂಬ ಮಾತಾಡುತ್ತದೆ. 'ಕ್ಲಬ್' ಅಂದರೆ ಮೆಂಬರ್ ಆಗಬೇಕಾ ಅಂತ ಕೇಳುತ್ತಾರೆ. 'ಸಂಘ' ಅಂದರೆ ಅಧ್ಯಕ್ಷರು ಯಾರು ಅಂತ ಕೇಳುತ್ತಾರೆ. 'ಅಕಾಡೆಮಿ' ಅಂದರೆ ಫೀಸು ಎಷ್ಟು, ಸರ್ಟಿಫಿಕೇಟ್ ಕೊಡ್ತೀರಾ ಅಂತ ಬರುತ್ತದೆ. ನ್ಯೂಯಾರ್ಕಿನಲ್ಲಿ ಹ್ಯಾಕರ್ ಸ್ಕೂಲ್ ಅಂತ ಒಂದು ಜಾಗ ಇತ್ತು. ಅಲ್ಲಿ ಮೇಷ್ಟ್ರೂ ಇಲ್ಲ, ಪಾಠವೂ ಇಲ್ಲ, ಜನ ತಾವೇ ಪ್ರೋಗ್ರಾಂ ಬರೆದು ಕಲಿಯುತ್ತಾರೆ. 2015ರಲ್ಲಿ ಅವರು ಹೆಸರನ್ನು ರಿಕರ್ಸ್ ಸೆಂಟರ್ ಅಂತ ಬದಲಿಸಿದರು. ಹಳೆಯ ಹೆಸರಿನ ಎರಡು ಪದವೂ ಹೊರಗಿನವರಿಗೆ ತಪ್ಪು ಅರ್ಥ ಕೊಡುತ್ತಿದ್ದವು. ಕನ್ನಡದಲ್ಲಿ ನಮಗೆ ಒಳ್ಳೆಯ ಪದಗಳಿವೆ. 'ಬಳಗ' ಆಪ್ತವಾಗಿದೆ, ಆದರೆ ಈಗಾಗಲೇ ಪರಸ್ಪರ ಪರಿಚಯ ಇರುವವರು ಅನ್ನುವ ಛಾಯೆ ಅದಕ್ಕಿದೆ. ಒಬ್ಬರೇ ಬರುವ ಹೊಸಬರಿಗೆ ಅದು ಸ್ವಲ್ಪ ದೂರ. 'ಕೂಟ' ಅಂದರೆ ಸುಮ್ನೆ ಹೋಗಿ ಸೇರಿಕೊಳ್ಳುವ ಜಾಗ. ಯಾರ ಒಪ್ಪಿಗೆಯೂ ಬೇಕಿಲ್ಲ. ನನ್ನ ಒಲವು ಅದರ ಕಡೆಗೆ.

ಈಗ ನಿಮ್ಮ ಗುಂಪಿಗೆ ಬರೋಣ. ನೀವೇ ಬರೆದಿದ್ದೀರಿ, 'ಒಟ್ಟಿಗೆ ಕೂತು ಪ್ರೋಗ್ರಾಂ ಬರೆಯುತ್ತಿದ್ದೆವು' ಅಂತ. ಹೆಸರು ಅಲ್ಲೇ ಇದೆ. ಒಟ್ಟಿಗೆ, ಕೂತು, ಬರೆಯುವುದು. ಭಾಷಣ ಕೇಳುವುದಲ್ಲ. ಇದರಿಂದ 'ಶನಿವಾರದ ಕೋಡ್ ಕೂಟ', 'ಕೋಡ್ ಕೂಟ', 'ಕೂತು ಬರೆಯೋಣ' ಹೀಗೆ ಕೆಲವು ಹುಟ್ಟುತ್ತವೆ. ಮೊದಲನೆಯದರಲ್ಲಿ ವಾರ ಇದೆ. ಮುಂದೆ ಜಾಗ ಭಾನುವಾರ ಮಾತ್ರ ಸಿಕ್ಕರೆ ಏನು ಮಾಡುತ್ತೀರಿ? ಹಾಗಾಗಿ ಅದು ಬೇಡ. 'ಕೂತು ಬರೆಯೋಣ' ನನಗೆ ತುಂಬ ಇಷ್ಟ, ಕರೆಯುವ ದನಿ ಇದೆ. ಆದರೆ ಕಥೆ ಕವಿತೆ ಬರೆಯುವವರು ಬಂದುಬಿಡುತ್ತಾರೆ. 'ಕೋಡ್ ಕೂಟ' ನಿಲ್ಲುತ್ತದೆ.

ಪೈಥಾನ್ ಎಲ್ಲಿ ಹೋಯಿತು? ಅದು ಹೆಸರಿನ ಕೆಳಗಿನ ಸಾಲಿಗೆ ಹೋಗಲಿ. ಪೈಥಾನ್ 1991ರಿಂದ ಇದೆ, ನಾಳೆ ಮಾಯವಾಗುತ್ತದೆ ಅನ್ನುವ ಭಯ ನನಗಿಲ್ಲ. ಆದರೆ ಎಲ್ಲ ತಂತ್ರಜ್ಞಾನಕ್ಕೂ ಆ ಆಯಸ್ಸು ಇರುವುದಿಲ್ಲ. ಫ್ಲ್ಯಾಶ್ 2020ರ ಕೊನೆಗೆ ನಿಂತಿತು, ಆಂಗ್ಯುಲರ್‌ಜೆಎಸ್‌ಗೆ ಬೆಂಬಲ 2021ರ ಕೊನೆಗೆ ನಿಂತಿತು. ಆ ಹೆಸರಿಟ್ಟುಕೊಂಡ ಗುಂಪಿನಲ್ಲಿ ಉಳಿಯುವವರು ಹಳಬರು ಮಾತ್ರ, ಯಾಕೆಂದರೆ ಹೊಸದಾಗಿ ಅದನ್ನು ಕಲಿಯಲು ಯಾರೂ ಬರುವುದಿಲ್ಲ. ನಿಮ್ಮಲ್ಲಿ ಆಗುವ ಬದಲಾವಣೆ ಇನ್ನೊಂದು ಥರದ್ದು. ಎರಡು ವರ್ಷದಲ್ಲಿ ಅರ್ಧ ಜನ ಡೇಟಾಬೇಸ್, ವೆಬ್ ಅಂತ ಮಾತಾಡುತ್ತಿರುತ್ತಾರೆ. ಕೆಳಗಿನ ಸಾಲನ್ನು ಆಗ ಸುಲಭವಾಗಿ ಬದಲಿಸಬಹುದು. ಈಗ ಹೀಗಿರಲಿ: 'ಪೈಥಾನ್ ಕಲಿಯುವವರು, ಬರೆಯುವವರು ಪಕ್ಕ ಪಕ್ಕ ಕೂರುವ ಜಾಗ. ಇವತ್ತೇ ಶುರು ಮಾಡುತ್ತಿದ್ದರೂ ಬನ್ನಿ.' ಹೊಸಬರಿಗೆ ಕೊಡುವ ಮಾತು ಇರಬೇಕಾದ್ದು ಈ ಸಾಲಿನಲ್ಲಿ.

ತಂತ್ರಜ್ಞಾನದ ಹೆಸರು ಇಟ್ಟೇ ಇಡುತ್ತೇವೆ ಅಂದರೆ ಅದರ ಟ್ರೇಡ್‌ಮಾರ್ಕ್ ನಿಯಮ ಒಮ್ಮೆ ಓದಿಕೊಳ್ಳಿ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಯೂಸರ್ ಗ್ರೂಪುಗಳ ವಿಷಯದಲ್ಲಿ ಉದಾರವಾಗಿದೆ. ಎಲ್ಲರೂ ಹಾಗಿರುವುದಿಲ್ಲ.

ಹೆಸರು ಸರಿಯಾಗಿದೆಯಾ ಅಂತ ನೋಡುವುದು ಹೇಗೆ? ನಿಮ್ಮ ಇಪ್ಪತ್ತೈದು ಜನರ ಮತ ಹಾಕಿಸಬೇಡಿ. ಅವರೆಲ್ಲ ಒಳಗೆ ಬಂದಾಗಿದೆ, ಯಾವ ಹೆಸರಿಟ್ಟರೂ ಬರುತ್ತಾರೆ. ಇನ್ನೂ ಬಾರದ ಐದು ಜನರನ್ನು ಹುಡುಕಿ. ಕಲಿಯುವ ಆಸೆ ಇರುವವರು, ಆದರೆ ಎಲ್ಲಿಗೂ ಹೋಗದವರು. ಬರೀ ಹೆಸರು ತೋರಿಸಿ, ವಿವರಣೆ ಕೊಡಬೇಡಿ. 'ಹೆಸರು ಚೆನ್ನಾಗಿದೆಯಾ' ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಬದಲಿಗೆ 'ಇಲ್ಲಿಗೆ ಎಂಥವರು ಬರ್ತಾರೆ ಅನ್ಸುತ್ತೆ?' ಅಂತ ಕೇಳಿ, ಆಮೇಲೆ 'ಅಲ್ಲಿ ಹೋದ ಮೊದಲ ಹತ್ತು ನಿಮಿಷ ಏನಾಗಬಹುದು?' ಅಂತ ಕೇಳಿ. ಉತ್ತರದಲ್ಲಿ 'ಅವರು' ಅಂತ ಬಂದರೆ ಹೆಸರು ಸೋತಿದೆ. 'ನಾನು ಹೋದ್ರೆ' ಅಂತ ಶುರು ಮಾಡಿದರೆ ಗೆದ್ದಿದೆ. ನಾನು ಇದನ್ನು ಮಾಡಿದಾಗ ಒಬ್ಬರು 'ಅವರೆಲ್ಲ ಲ್ಯಾಪ್‌ಟಾಪ್ ತೆಗೆದು ಪಟಪಟ ಅಂತ ಟೈಪ್ ಮಾಡ್ತಿರ್ತಾರೆ' ಅಂದಿದ್ದರು. ಆ ಹೆಸರನ್ನು ಅಲ್ಲೇ ಬಿಟ್ಟೆವು.

ಇನ್ನೊಂದು ಪರೀಕ್ಷೆ ಫೋನಿನಲ್ಲಿ ಮಾಡುವಂಥದ್ದು. ಹೆಸರು ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಲು ಹೇಳಿ. 'ಕೋಡ್ ಕೂಟ' ಇಲ್ಲಿ ತಡವರಿಸುತ್ತದೆ. ಕೆಲವರು `codekoota` ಅಂತ, ಕೆಲವರು `codekuta` ಅಂತ ಬರೆಯುತ್ತಾರೆ. ಇದು ಕನ್ನಡದ ಹೆಸರುಗಳಿಗೆಲ್ಲ ಇರುವ ತೊಡಕು. ಹೆದರಬೇಕಿಲ್ಲ, ಎರಡೂ ವಿಳಾಸ ನೋಂದಾಯಿಸಿ, ಒಂದನ್ನು ಇನ್ನೊಂದಕ್ಕೆ ತಿರುಗಿಸಿ. ಹುಡುಕಿ ಸಿಗದೇ ವಾಪಸ್ ಹೋಗುವವರು ಹೊಸಬರೇ, ಹಳಬರ ಹತ್ತಿರ ಲಿಂಕ್ ಇರುತ್ತದೆ. ಆ ಹೆಸರಿನ ಬೇರೆ ಗುಂಪು ಈಗಾಗಲೇ ಇದೆಯಾ ಅಂತಲೂ ಮೊದಲೇ ಹುಡುಕಿಕೊಳ್ಳಿ.

ಹೆಸರು ಬದಲಿಸುವುದಿದ್ದರೆ ಈಗಲೇ ಬದಲಿಸಿ, ಇಪ್ಪತ್ತೈದು ಜನ ಇರುವಾಗ. ಗಿಟ್‌ಹಬ್‌ನಲ್ಲಿ ಸಂಸ್ಥೆಯ ಹೆಸರು ಬದಲಿಸಿದರೆ ರೆಪಾಸಿಟರಿಗಳ ಹಳೆಯ ಲಿಂಕು ಹೊಸದಕ್ಕೆ ಹೋಗುತ್ತದೆ. ಆದರೆ ಸಂಸ್ಥೆಯ ಹಳೆಯ ಪುಟದ ವಿಳಾಸ 404 ತೋರಿಸುತ್ತದೆ. ಹಳೆಯ ಹೆಸರನ್ನು ಬೇರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಬದಲಿಸಿದ ಕೂಡಲೇ ಹಳೆಯ ಹೆಸರಿನಲ್ಲಿ ಖಾಲಿ ಸಂಸ್ಥೆಯೊಂದನ್ನು ನೀವೇ ಮಾಡಿಟ್ಟುಕೊಳ್ಳಿ, ಆದರೆ ಅದರಲ್ಲಿ ಹಳೆಯ ರೆಪಾಸಿಟರಿಗಳ ಹೆಸರಲ್ಲಿ ಏನೂ ಮಾಡಬೇಡಿ, ಮಾಡಿದರೆ ಆ ಲಿಂಕು ತಿರುಗುವುದು ನಿಲ್ಲುತ್ತದೆ. ಹಳೆಯ ಡೊಮೇನನ್ನೂ ಕೆಲವು ವರ್ಷ ನವೀಕರಿಸುತ್ತಲೇ ಇರಿ.

ಗುಂಪು ಬೆಳೆದಾಗ ಮಟ್ಟದ ಪದ ಹಿಂಬಾಗಿಲಿಂದ ಬರುತ್ತದೆ, ಅದನ್ನು ಗಮನಿಸುತ್ತಿರಿ. ಅರವತ್ತು ಜನ ಆದಾಗ ಎರಡು ಕೋಣೆ ಬೇಕಾಗುತ್ತದೆ. ಆಗ ಯಾರೋ 'ಬಿಗಿನರ್ ರೂಮ್, ಅಡ್ವಾನ್ಸ್ಡ್ ರೂಮ್' ಅನ್ನುತ್ತಾರೆ. ಅಲ್ಲಿಗೆ ನಮ್ಮ ಹಳೆಯ ಕಥೆ ಮತ್ತೆ ಶುರು. ಕೋಣೆಗೂ ಕೆಲಸದ ಹೆಸರೇ ಇಡಿ: 'ಮೊದಲ ಪ್ರೋಗ್ರಾಂ', 'ವೆಬ್ ಪುಟ ಕಟ್ಟೋಣ', 'ಫೈಲಿಂದ ಡೇಟಾ ಓದೋಣ'. ಕೆಳಗೆ ಬೇಕಾದ ತಯಾರಿಯನ್ನು ನೇರವಾಗಿ ಬರೆಯಿರಿ: 'ಒಂದು ಲೂಪ್ ಬರೆದಿದ್ದರೆ ಸಾಕು', 'ಏನೂ ಗೊತ್ತಿರಬೇಕಿಲ್ಲ, ಲ್ಯಾಪ್‌ಟಾಪ್ ತನ್ನಿ'. ತಾನು ಇಂಟರ್ಮೀಡಿಯೆಟ್ಟಾ ಅಂತ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಲೂಪ್ ಬರೆದಿದ್ದೀನಾ ಅನ್ನೋದು ಎಲ್ಲರಿಗೂ ಗೊತ್ತು. 'ಕೋರ್ ಮೆಂಬರ್ಸ್' ಅನ್ನುವ ಪದವನ್ನೂ ಬಿಡಿ. ಕುರ್ಚಿ ಹಾಕುವವರು, ಜಾಗ ಗೊತ್ತು ಮಾಡುವವರು ಅವರೇ ಅಲ್ವಾ, 'ನಡೆಸುವವರು' ಅಂದರೆ ಸಾಕು.

ಬಾಗಿಲಲ್ಲಿ ಹೆಸರು ಬರೆಸಿಕೊಳ್ಳುವ ಹಾಳೆಯಲ್ಲಿ 'ಮೊದಲ ಸಲ ಬಂದದ್ದಾ?' ಅಂತ ಒಂದು ಕಲಂ ಇಡಿ. ಎರಡು ಲೆಕ್ಕ ಸಾಕು. ಪ್ರತಿ ತಿಂಗಳು ಮೊದಲ ಸಲ ಬಂದವರು ಎಷ್ಟು, ಅವರಲ್ಲಿ ಮೂರು ತಿಂಗಳೊಳಗೆ ಮತ್ತೆ ಬಂದವರು ಎಷ್ಟು. ಒಟ್ಟು ಜನ ಏರುತ್ತಿದ್ದು ಮೊದಲ ಸಲದವರು ಇಳಿಯುತ್ತಿದ್ದರೆ ಹೆಸರನ್ನೂ ಕರೆಯೋಲೆಯನ್ನೂ ಅನುಮಾನಿಸಿ, ಜನ ಹೊರಗಿನಿಂದಲೇ ಹಿಂದೆ ಹೋಗುತ್ತಿದ್ದಾರೆ. ಮೊದಲ ಸಲದವರು ಚೆನ್ನಾಗಿ ಬರುತ್ತಿದ್ದು ಮತ್ತೆ ಬರುತ್ತಿಲ್ಲ ಅಂದರೆ ಹೆಸರಿನ ತಪ್ಪಿಲ್ಲ. ಹೆಸರು ಕೊಟ್ಟ ಮಾತನ್ನು ಕೋಣೆ ಉಳಿಸಿಕೊಳ್ಳುತ್ತಿಲ್ಲ. ಆಗ ಹೆಸರು ಬದಲಿಸಿ ಪ್ರಯೋಜನ ಇಲ್ಲ, ಹೊಸಬರ ಪಕ್ಕ ಯಾರು ಕೂರುತ್ತಿದ್ದಾರೆ ನೋಡಿ.

ನಮ್ಮ ಗುಂಪಿನ ಹೆಸರನ್ನು ಕೊನೆಗೂ ಬದಲಿಸಿದೆವು. ಎರಡು ವಾಟ್ಸ್ಯಾಪ್ ಗ್ರೂಪುಗಳನ್ನು ಒಂದು ಮಾಡಲು ಮೂರು ತಿಂಗಳು ಹಿಡಿಯಿತು, ಕೆಲವರು ಬೇಸರ ಮಾಡಿಕೊಂಡು ಹೋದರು. ಕುರ್ಚಿ ಎತ್ತಿಡುವಾಗ ನನ್ನನ್ನು ಕೇಳಿದ್ದರಲ್ಲ, ಅವರು ಈಗ ಹೊಸಬರು ಕೂರುವ ಮೊದಲ ಟೇಬಲ್ಲಿನಲ್ಲೇ ಪ್ರತಿ ಸಲ ಕೂರುತ್ತಾರೆ.